ನಾಲ್ಕು ಮೀಟರ್ ತಂತಿ, ಎಂಟು ಸೆನ್ಸರ್, ಎರಡೇ ಪುಲ್-ಅಪ್: ನನ್ನ ಅನುಭವ

ಹಲವು ಚಿಪ್‌ಗಳು ಎರಡೇ ಗೆರೆ ಹಂಚಿಕೊಂಡು ಮಾತಾಡುವ ಐ2ಸಿ ಬಸ್ ಒಂದೇ ಬೋರ್ಡಿನೊಳಗೆ ಓಡಾಡುವುದಕ್ಕೆ ಇರುವುದು, ಅದನ್ನು ನಾಲ್ಕು ಮೀಟರ್ ಎಳೆಯಬೇಡ ಎಂದು ತಿಳಿದವರೆಲ್ಲ ಹೇಳಿದರು. ದೂರದ ತಂತಿಗೆಂದೇ ಇರುವ ಆರ್‌ಎಸ್-485ಕ್ಕೆ ಹೋಗು ಎಂಬ ಸಲಹೆಯೂ ಬಂತು. ಎಂಟು ಸೆನ್ಸರ್‌ಗಳಿಗೂ ಆ ಏರ್ಪಾಡು ಮಾಡಲು ಹೊರಟರೆ ಸೆನ್ಸರ್‌ಗಳ ಬೆಲೆಗಿಂತ ಅದರ ಖರ್ಚೇ ಹೆಚ್ಚಾಗುತ್ತಿತ್ತು. ಈಗ ಅದೇ ತಂತಿ 100 ಕಿಲೋಹರ್ಟ್ಸ್‌ನಲ್ಲಿ ತಿಂಗಳುಗಳಿಂದ ತಕರಾರಿಲ್ಲದೆ ಓಡುತ್ತಿದೆ. ಬಸ್ಸಿಗೆಂದು ಕೊನೆಗೆ ಉಳಿದ ಸಾಮಾನು ಗೆರೆಯನ್ನು ಮೇಲಿನ ಮಟ್ಟಕ್ಕೆ ಎಳೆದು ಹಿಡಿಯುವ ಎರಡು ಪುಲ್-ಅಪ್ ರೆಸಿಸ್ಟರ್ ಮತ್ತು ಒಂದು ಹಿಡಿ ಚಿಲ್ಲರೆ ರೆಸಿಸ್ಟರ್.

ಮೊದಲು ಕಾಟ ಕೊಟ್ಟದ್ದು ಮಾಡ್ಯೂಲ್‌ಗಳ ಮೇಲೆಯೇ ಬೆಸುಗೆಯಾಗಿ ಬಂದಿದ್ದ ಪುಲ್-ಅಪ್‌ಗಳು. ಒಂದೊಂದರಲ್ಲಿಯೂ 4.7 ಕಿಲೋ ಓಮ್. ಎಂಟು ಸಮಾಂತರವಾಗಿ ಸೇರಿದರೆ ಸುಮಾರು 590 ಓಮ್. ಆಗ 3.3 ವೋಲ್ಟ್ ಬಸ್ಸನ್ನು ಕೆಳಗೆಳೆಯುವ ಚಿಪ್ ಐದು ಮಿಲಿಆಂಪಿಯರ್‌ನಷ್ಟು ನುಂಗಬೇಕು. ನಿಯಮದ ಪ್ರಕಾರ ಅದು ಭರವಸೆ ಕೊಡುವುದು ಮೂರಕ್ಕೆ ಮಾತ್ರ. ಸ್ಕೋಪಿನಲ್ಲಿ ಏರುವ ಅಂಚು ನೆಟ್ಟಗೆ, ನೋಡಲು ಬಲು ಚೆಂದ. ಆದರೆ ಒಂದು ಸೆನ್ಸರ್ ಉತ್ತರಿಸುವಾಗ ಕೆಳಮಟ್ಟ 0.8 ವೋಲ್ಟಿನ ಹತ್ತಿರ ತೇಲುತ್ತಿತ್ತು. ಒಂದು ವೋಲ್ಟ್ ದಾಟಿದರೆ ಅದನ್ನು ಸೊನ್ನೆ ಎಂದು ಓದುವ ಖಾತರಿಯಿಲ್ಲ. ಅಂಚನ್ನು ಮಾತ್ರ ನೋಡಿ ತೃಪ್ತಿಪಡುವವರು ಇಲ್ಲಿ ಕೆಡುತ್ತಾರೆ.

ಎಲ್ಲವನ್ನೂ ಕಿತ್ತು, ಮೈಕ್ರೋಕಂಟ್ರೋಲರಿನ ಒಳಗಿನ ಪುಲ್-ಅಪ್ ಮಾತ್ರ ಉಳಿಸಿ ನೋಡಿದೆ. ಅದು ಮೂವತ್ತು ನಲವತ್ತು ಕಿಲೋ ಓಮ್ ಇರುವಂಥದ್ದು. ಕ್ಲಾಕ್ ಮೇಲೇರುವ ಮೊದಲೇ ಮುಂದಿನ ಇಳಿತ ಬರುತ್ತಿತ್ತು; ತೆರೆಯ ಮೇಲೆ ಗರಗಸದ ಹಲ್ಲುಗಳೇ.

ನಡುವೆ ಒಂದು ಪ್ರಯೋಗ. ಏರುವ ಅಂಚೇ ನಿಧಾನವಾದರೆ ಕ್ಲಾಕ್ ಗೆರೆಯಾದ ಎಸ್‌ಸಿಎಲ್ ಒಂದನ್ನಾದರೂ ಚಿಪ್ಪೇ ಮೇಲಕ್ಕೂ ಕೆಳಕ್ಕೂ ಒತ್ತುವ ಪುಷ್-ಪುಲ್ ಮಾಡಿದರೆ ಹೇಗೆ? ಅಂಚು ತಕ್ಷಣ ಚುರುಕಾಯಿತು. ಆದರೆ ಸೆನ್ಸರ್‌ಗಳಲ್ಲಿ ಒಂದು ಅಳತೆ ಮುಗಿಯುವವರೆಗೆ ಕ್ಲಾಕನ್ನು ಕೆಳಗೇ ಹಿಡಿದುಕೊಳ್ಳುವ ಜಾತಿಯದು. ಮೈಕ್ರೋಕಂಟ್ರೋಲರ್ ಮೇಲಕ್ಕೆ ಒತ್ತುತ್ತದೆ, ಅದು ಕೆಳಕ್ಕೆ ಎಳೆಯುತ್ತದೆ, ಗೆರೆ 1.6 ವೋಲ್ಟಿನ ಆಸುಪಾಸಿನಲ್ಲಿ ನಿಂತಿತು. ಸ್ಕೋಪಿನಲ್ಲಿ ಹೀಗೆ ನಡುಮಟ್ಟ ಕಂಡರೆ ಎರಡು ಚಿಪ್‌ಗಳು ಜಗಳವಾಡುತ್ತಿವೆ ಎಂದೇ ತಿಳಿಯಿರಿ. ಕೂಡಲೇ, ಚಿಪ್ ಕೆಳಕ್ಕೆ ಮಾತ್ರ ಎಳೆಯುವ ಓಪನ್-ಡ್ರೇನ್‌ಗೆ ಮರಳಿದೆ.

ರಿಬ್ಬನ್ ಕೇಬಲ್ ಕೂಡ ಹೋಯಿತು. ಅಲ್ಲಿ ಡೇಟಾ ಗೆರೆಯಾದ ಎಸ್‌ಡಿಎ ಪಕ್ಕದಲ್ಲೇ ಎಸ್‌ಸಿಎಲ್ ಇತ್ತು. ಓಪನ್-ಡ್ರೇನ್ ಬಸ್ಸಿನಲ್ಲಿ ಮೇಲಿನ ಮಟ್ಟವನ್ನು ಹಿಡಿದಿರುವುದು ಬರೀ ರೆಸಿಸ್ಟರ್ ಆದ್ದರಿಂದ, ಪಕ್ಕದ ತಂತಿ ಧಡಕ್ಕನೆ ಇಳಿದಾಗ ಎಸ್‌ಸಿಎಲ್ ಕೂಡ ಒಂದು ಕ್ಷಣ ಕುಗ್ಗುತ್ತಿತ್ತು, ಸೆನ್ಸರ್ ಅದನ್ನು ಹೊಸ ಕ್ಲಾಕ್ ಎಂದುಕೊಳ್ಳುತ್ತಿತ್ತು. ತಿರುಚಿದ ಜೋಡಿ ತಂತಿ ತಂದು, ಎರಡೂ ಸಿಗ್ನಲ್‌ಗಳನ್ನು ಬೇರೆ ಬೇರೆ ಜೋಡಿಗಳಲ್ಲಿ ಗ್ರೌಂಡಿನ ಜೊತೆ ಕಳುಹಿಸಿದೆ.

ಕೊನೆಗೆ ಊಹೆ ಬಿಟ್ಟು ಅಳೆದೆ. 4.7 ಕಿಲೋ ಓಮ್ ಒಂದನ್ನೇ ಹಾಕಿ, ಗೆರೆ ಶೇ. 30ರಿಂದ ಶೇ. 70ಕ್ಕೆ ಏರುವ ಸಮಯ ನೋಡಿದರೆ ಸುಮಾರು 1.6 ಮೈಕ್ರೋಸೆಕೆಂಡ್.

```
t = 0.8473 × R × C
```

ಇದರಿಂದ ಬಸ್ಸಿನ ಕೆಪಾಸಿಟೆನ್ಸ್ 400 ಪಿಕೋಫ್ಯಾರಡ್ ಎಂದು ಸಿಕ್ಕಿತು, ಅಂದರೆ ನಿಯಮದ ಮಿತಿಯ ಅಂಚಿಗೆ. ಪ್ರೋಬನ್ನು ಹತ್ತು ಪಟ್ಟಿನ ಸ್ಥಾನದಲ್ಲಿಡಿ. ಒಂದು ಪಟ್ಟಿನಲ್ಲಿಟ್ಟರೆ ಪ್ರೋಬೇ ನೂರು ಪಿಕೋಫ್ಯಾರಡ್‌ನಷ್ಟು ಸೇರಿಸಿಬಿಡುತ್ತದೆ. 100 ಕಿಲೋಹರ್ಟ್ಸ್‌ನ ನಿಯಮದಂತೆ ಏರಿಕೆ ಒಂದು ಮೈಕ್ರೋಸೆಕೆಂಡಿನೊಳಗೆ ಮುಗಿಯಬೇಕಾದರೆ ರೆಸಿಸ್ಟರ್ 2.9 ಕಿಲೋ ಓಮ್‌ಗಿಂತ ಕಡಿಮೆ ಇರಬೇಕು. ಮೂರು ಮಿಲಿಆಂಪಿಯರ್ ದಾಟಬಾರದು ಎಂದರೆ 970 ಓಮ್‌ಗಿಂತ ಹೆಚ್ಚಿರಬೇಕು. ನಾನು ಆರಿಸಿದ್ದು 1.8 ಕಿಲೋ ಓಮ್. ಏರಿಕೆ 0.6 ಮೈಕ್ರೋಸೆಕೆಂಡ್, ಕರೆಂಟ್ 1.6 ಮಿಲಿಆಂಪಿಯರ್. ಎಲ್ಲರ ಬಾಯಲ್ಲಿರುವ 4.7 ಇಲ್ಲಿ ಕೆಲಸಕ್ಕೆ ಬಾರದು ಎಂದು ನಂಬಲು ಈಗಲೂ ಕೆಲವರು ಸಿದ್ಧರಿಲ್ಲ.

ಆಮೇಲೆ ಸೇರಿಸಿದ್ದು ಇನ್ನೊಂದು. ಪ್ರತಿ ಸೆನ್ಸರಿನ ಎಸ್‌ಡಿಎಗೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟರ್, ಒಂದರಂತೆ ಮತ್ತೊಂದಿಲ್ಲ. 100 ಓಮ್ ಇದ್ದದ್ದು ಎಳೆದಾಗ ಕೆಳಮಟ್ಟ 0.17 ವೋಲ್ಟ್‌ನಷ್ಟು ಮೇಲೆ ನಿಲ್ಲುತ್ತದೆ, 220 ಇದ್ದದ್ದು ಎಳೆದಾಗ 0.36. ಬಸ್ ಸಿಕ್ಕಿಕೊಂಡರೆ ಯಾರು ಹಿಡಿದಿದ್ದಾರೆಂದು ಮಲ್ಟಿಮೀಟರೇ ಹೇಳುತ್ತದೆ. ಎಂಟರ ಪಟ್ಟಿಯನ್ನು ಹೇಗೆ ಹಂಚಿದೆ ಎಂಬುದು ನನ್ನಲ್ಲೇ ಇರಲಿ.

ಇದೇ ತಂತಿಯಲ್ಲಿ 400 ಕಿಲೋಹರ್ಟ್ಸ್ ಕೇಳಬೇಡಿ. ಅಲ್ಲಿ ಏರಿಕೆಗೆ ಸಿಗುವುದು 0.3 ಮೈಕ್ರೋಸೆಕೆಂಡ್, ಅದಕ್ಕೆ ಬೇಕಾದದ್ದು 885 ಓಮ್. ಅದು 970ರ ಕೆಳಗೆ ಬೀಳುತ್ತದೆ. ಆ ವೇಗ ಬೇಕೇ ಬೇಕೆನ್ನುವವರು ಬಫರ್ ಚಿಪ್‌ಗೆ ಹಣ ಎತ್ತಿಡಿ.