ಕೊಬ್ಬರಿ ಎಣ್ಣೆಯ ಒತ್ತಕ್ಷರಕ್ಕೆ ಗುಲಾಬಿ ನೆರಳು

ತುಮಕೂರಿನ ಅಶೋಕ ರಸ್ತೆಯ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಮೂರು ಕಂಪ್ಯೂಟರಿನ ವಿನ್ಯಾಸ ಕಚೇರಿ. ಅಲ್ಲಿ ನಾನು ಆರು ತಿಂಗಳು ಇಂಟರ್ನ್ ಆಗಿದ್ದೆ. ಎರಡನೆಯ ತಿಂಗಳಲ್ಲಿ ತಿಪಟೂರು ಕಡೆಯ ಒಂದು ಕೊಬ್ಬರಿ ಎಣ್ಣೆ ಕಂಪನಿಯ ಕೆಲಸ ಬಂತು. ಮೊದಲು ಮೊಬೈಲಿನಲ್ಲಿ ಹಂಚಲು ಒಂದು ಪೋಸ್ಟರ್ ಕೇಳಿದರು, ಮಾಡಿಕೊಟ್ಟೆ. ನಾಲ್ಕು ದಿನದ ಮೇಲೆ, ಅದನ್ನೇ ಎರಡು ಬದಿಯ ಕರಪತ್ರ ಮಾಡಿ 2000 ಪ್ರತಿ ಅಚ್ಚು ಹಾಕಿಸಿ ಎಂದರು. ನನ್ನ ತಪ್ಪು ಆ ‘ಅದನ್ನೇ’ ಎಂಬ ಮಾತಿನಲ್ಲಿಯೇ ಶುರುವಾಯಿತು.

ಪೋಸ್ಟರಿನ ಕಡತ ಆರ್‌ಜಿಬಿಯಲ್ಲಿತ್ತು, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ. ಅದನ್ನು ಎ5 ಅಳತೆಗೆ, ಅಂದರೆ 148×210 ಮಿಲಿಮೀಟರಿಗೆ ಹೊಂದಿಸಿದೆ. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ ಬಿಟ್ಟೆ. ಕೊನೆಯಲ್ಲಿ ಇಲಸ್ಟ್ರೇಟರ್ ಎಂಬ ತಂತ್ರಾಂಶದಲ್ಲಿ ಬಣ್ಣದ ವಿಧಾನವನ್ನು ಸಿಎಂವೈಕೆಗೆ, ಅಂದರೆ ಅಚ್ಚಿನ ನೀಲಿ, ಗುಲಾಬಿ, ಹಳದಿ, ಕಪ್ಪು ಶಾಯಿಗಳ ಲೆಕ್ಕಕ್ಕೆ ಬದಲಾಯಿಸಿ ಪಿಡಿಎಫ್ ತೆಗೆದೆ. ಪರದೆಯ ಮೇಲೆ ಹಸಿರು ಸ್ವಲ್ಪ ಮಂಕಾಯಿತು, ಕಪ್ಪು ಇದ್ದಂತೆಯೇ ಇತ್ತು. ಮುಗಿಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮುದ್ರಣಾಲಯದಿಂದ ಫೋನ್ ಬಂತು. ಮೆಷಿನ್ ನಡೆಸುವ ಅಣ್ಣ, ಬಂದು ನೋಡಿ ಹೋಗಪ್ಪಾ, ಆಮೇಲೆ ನನ್ನನ್ನು ಕೇಳಬೇಡ ಎಂದರು. ಹೋದಾಗ ಹೊಂದಿಕೆ ನೋಡಲು ಹಾಕಿದ ಹತ್ತಿಪ್ಪತ್ತು ಹಾಳೆಗಳು ಮೇಜಿನ ಮೇಲಿದ್ದವು. ಮೇಲಿನ ಚಿತ್ರ ಚೆನ್ನಾಗಿಯೇ ಬಂದಿತ್ತು. ಕೆಳಗೆ 8 ಪಾಯಿಂಟಿನಲ್ಲಿದ್ದ ಬೆಲೆಪಟ್ಟಿಯ ಅಕ್ಷರಗಳು ಮಾತ್ರ ಕಣ್ಣುಜ್ಜಿಕೊಂಡು ನೋಡಿದ ಹಾಗೆ ಕಾಣುತ್ತಿದ್ದವು. ಅವರು ಮಸೂರ ಕೊಟ್ಟರು. ‘ಕೊಬ್ಬರಿ ಎಣ್ಣೆ’ ಎಂಬಲ್ಲಿ ಬಕಾರದ ಒತ್ತಿನ ಒಂದು ಬದಿಗೆ ಗುಲಾಬಿ ಅಂಚು, ಇನ್ನೊಂದು ಬದಿಗೆ ನೀಲಿ. ಣಕಾರದ ಒತ್ತಿನ ಒಳಗಿನ ಬಿಳಿ ಜಾಗ ಪೂರ್ತಿ ತುಂಬಿಹೋಗಿತ್ತು.

“ಇದು ಒಂದು ಬಣ್ಣದ ಕಪ್ಪಲ್ಲ, ನಾಲ್ಕು ಬಣ್ಣದ ಕಪ್ಪು. ನಾಲ್ಕು ಪ್ಲೇಟಿನಲ್ಲೂ ನಿನ್ನ ಬೆಲೆಪಟ್ಟಿ ಇದೆ, ಬೇಕಾದರೆ ನೋಡು” ಎಂದು ನೀಲಿಯ ಪ್ಲೇಟನ್ನು ತೋರಿಸಿದರು. ಕಪ್ಪಿನ ಪ್ಲೇಟಿನಲ್ಲಿ ಮಾತ್ರ ಇರಬೇಕಾದ ಸಾಲುಗಳು ಅಲ್ಲಿಯೂ ಇದ್ದವು.

ಆದದ್ದು ಇಷ್ಟು. ಆರ್‌ಜಿಬಿಯಲ್ಲಿ ಕಪ್ಪು ಎಂದರೆ ಮೂರೂ ಬೆಳಕು ಸೊನ್ನೆ. ಸಿಎಂವೈಕೆಗೆ ಬದಲಾಯಿಸಿದಾಗ ತಂತ್ರಾಂಶ ಅದನ್ನು ಬರೀ ಕಪ್ಪು ಶಾಯಿ ಎಂದು ತಿಳಿಯುವುದಿಲ್ಲ, ಸಾಧ್ಯವಾದಷ್ಟು ಗಾಢ ಬಣ್ಣ ಎಂದು ತಿಳಿಯುತ್ತದೆ. ಈ ಶಾಯಿಯ ಲೆಕ್ಕಕ್ಕೆ ನಮ್ಮ ಕಂಪ್ಯೂಟರಿನಲ್ಲಿದ್ದ ಅಮೆರಿಕದ SWOP ಪ್ರೊಫೈಲಿನಲ್ಲಿ ಅದು `C75 M68 Y67 K90` ಆಗುತ್ತದೆ. ಒಟ್ಟು ಕೂಡಿದರೆ ನೂರಕ್ಕೆ 300 ಶಾಯಿ. ದೊಡ್ಡ ಕಪ್ಪು ಹಿನ್ನೆಲೆಗಾದರೆ ನಡೆದೀತು. ಸಣ್ಣ ಅಕ್ಷರಕ್ಕೆ ಇದು ಕಂಟಕ, ಅದರಲ್ಲೂ ಕನ್ನಡಕ್ಕೆ. 8 ಪಾಯಿಂಟ್ ಎಂದರೆ ಒಟ್ಟು ಎತ್ತರವೇ 2.8 ಮಿಲಿಮೀಟರ್. ಅದರಲ್ಲಿ ಒತ್ತಕ್ಷರದ ಪಾಲಿಗೆ ಬರುವುದು ಸುಮಾರು ಒಂದು ಮಿಲಿಮೀಟರ್, ಅದರ ಗೆರೆ ಇನ್ನೂ ತೆಳು. ನಾಲ್ಕು ಪ್ಲೇಟುಗಳು ಹೊಂದುವುದರಲ್ಲಿ 0.1 ಮಿಲಿಮೀಟರ್ ಆಚೀಚೆಯಾದರೂ ಗೆರೆಯ ಅರ್ಧದಷ್ಟು ಬಣ್ಣ ಹೊರಗೆ ಇಣುಕುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಹೇಗೋ ತಡೆದುಕೊಂಡಾವು, ನಮ್ಮ ಒತ್ತುಗಳಿಗೆ ಆ ತಾಳಿಕೆ ಇಲ್ಲ. ಜೊತೆಗೆ ಕಾಗದ ನುಣುಪಿನದಲ್ಲ, ಮ್ಯಾಪ್‌ಲಿಥೊ. ಅದು ಶಾಯಿಯನ್ನು ಹೀರಿ ಹರಡಿಸುತ್ತದೆ, ತುಂಬಿಹೋದ ಬಿಳಿ ಜಾಗಕ್ಕೆ ಅದೂ ಕಾರಣ.

ಪರದೆಯ ಮೇಲೆ ಇದು ನನಗೆ ಏಕೆ ಕಾಣಲಿಲ್ಲ ಎಂಬ ಸಂಕಟ ಆ ರಾತ್ರಿ ಬಿಡಲಿಲ್ಲ. ಉತ್ತರ ಸಿಕ್ಕಿದ್ದು ಇಲಸ್ಟ್ರೇಟರಿನ ಪ್ರಾಶಸ್ತ್ಯಗಳಲ್ಲಿ, ಅಂದರೆ `Preferences` ಎಂಬಲ್ಲಿ. `Appearance of Black` ಎಂಬಲ್ಲಿ `Display All Blacks as Rich Black` ಎಂದಿತ್ತು. ಹಾಗಿದ್ದರೆ ಒಂದು ಶಾಯಿಯ ಕಪ್ಪೂ ನಾಲ್ಕು ಶಾಯಿಯ ಕಪ್ಪೂ ಕಣ್ಣಿಗೆ ಒಂದೇ. ಅದನ್ನು `Display All Blacks Accurately` ಎಂದು ಬದಲಿಸಿದ ಕೂಡಲೇ ಎರಡೂ ಬೇರೆಯಾದವು. ಬರೀ ಕಪ್ಪು ಶಾಯಿಯ ಅಕ್ಷರ ಇದ್ದಿಲಿನಂತೆ ಬೂದು ಮಿಶ್ರಿತವಾಗಿ ಕಂಡಿತು, ನಾಲ್ಕು ಬಣ್ಣದ್ದು ಕಾಡಿಗೆಯಂತೆ. ಚೆನ್ನಾಗಿ ಕಂಡದ್ದೇ ಕೆಟ್ಟದ್ದು.

ಸರಿಪಡಿಸಲು ಬೆಲೆಪಟ್ಟಿಯ ಒಂದು ಸಾಲನ್ನು ಆರಿಸಿ `Select > Same > Fill Color` ಕೊಟ್ಟೆ. ಅದೇ ಬಣ್ಣದ ಎಲ್ಲವೂ ಸಿಕ್ಕವು. ಎಲ್ಲಕ್ಕೂ `C0 M0 Y0 K100` ತುಂಬಿದೆ. ಹಸಿರು ಪಟ್ಟಿಯ ಮೇಲೆ ಕಪ್ಪು ಅಕ್ಷರ ಇದ್ದಲ್ಲಿ `Overprint Fill` ಗುರುತು ಹಾಕಿದೆ. ಹಾಕದಿದ್ದರೆ ಅಕ್ಷರದ ಆಕಾರಕ್ಕೆ ಹಸಿರನ್ನು ಕೊರೆದು ಬಿಳಿ ಜಾಗ ಮಾಡಿ, ಅದರೊಳಗೆ ಕಪ್ಪನ್ನು ಕೂರಿಸಬೇಕಾಗುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಬಿಳಿ ಗೆರೆ ಕಾಣುತ್ತದೆ. ಗುರುತು ಹಾಕಿದರೆ ಹಸಿರಿನ ಮೇಲೆಯೇ ಕಪ್ಪು ಬೀಳುತ್ತದೆ.

ಆಮೇಲೆ ಪರೀಕ್ಷೆ. `Window > Separations Preview` ತೆರೆದು `Overprint Preview` ಗುರುತು ಹಾಕಿ, ಕಪ್ಪಿನ ಮುಂದಿರುವ ಕಣ್ಣಿನ ಚಿಹ್ನೆಯನ್ನು ಮುಚ್ಚಬೇಕು. ಬೆಲೆಪಟ್ಟಿ ಪೂರ್ತಿ ಮಾಯವಾದರೆ ಸರಿ. ಎಲ್ಲಿಯಾದರೂ ಅಕ್ಷರದ ಮಸುಕು ಉಳಿದರೆ ಅದು ಇನ್ನೂ ನಾಲ್ಕು ಬಣ್ಣದಲ್ಲಿದೆ. ನನ್ನದರಲ್ಲಿ ಎಲ್ಲವೂ ಹೋಗಿ, ಮೂಲೆಯ ಗ್ರಾಹಕ ಸೇವೆಯ ಸಾಲು ಮಾತ್ರ ಉಳಿಯಿತು. ಹುಡುಕಿದರೆ ಆ ಸಾಲು ಅಕ್ಷರವೇ ಅಲ್ಲ, ಹಳೆಯ ಪೋಸ್ಟರಿನಿಂದ ಬಂದ ಜೆಪೆಗ್ ಚಿತ್ರ! ಅದನ್ನು ಹೊಸದಾಗಿ ಟೈಪ್ ಮಾಡಿದೆ.

ನಾಲ್ಕೂ ಪ್ಲೇಟುಗಳನ್ನು ಮತ್ತೆ ಮಾಡಿಸಬೇಕಾಯಿತು. ಹಣ ಕಚೇರಿಯದು. ಕಚೇರಿ ನಡೆಸುವ ಮೇಡಂ ಬೈಯಲಿಲ್ಲ, ಆದರೆ ಆ ರಸೀದಿಯನ್ನು ನನ್ನ ಮಾನಿಟರಿನ ಕೆಳಗೆ ಅಂಟಿಸಿದರು. ಬೈದಿದ್ದರೆ ಬೇಗ ಮರೆಯುತ್ತಿದ್ದೆ.

ಪ್ಲೇಟು ಹೇಗೂ ಹೊಸದಾಗಿ ಆಗುವುದಿತ್ತಲ್ಲ, ಆ ಸಂದರ್ಭದಲ್ಲಿ ಮೇಡಂ ಕಂಪನಿಯ ಬ್ರ್ಯಾಂಡ್ ಕೈಪಿಡಿಯನ್ನು ಮುಂದಿಟ್ಟು ಹಸಿರನ್ನೂ ನೋಡು ಎಂದರು. ಹನ್ನೆರಡು ಪುಟದ ಪಿಡಿಎಫ್. ಅದು ಮೊದಲ ದಿನವೇ ಬಂದಿತ್ತು, ನಾನು ಲೋಗೊ ಇದ್ದ ಪುಟ ಮಾತ್ರ ತೆರೆದಿದ್ದೆ. ನಿಜ ಹೇಳಬೇಕೆಂದರೆ ಲೋಗೊವನ್ನೂ ಅದರಿಂದ ತೆಗೆದಿರಲಿಲ್ಲ, ಅವರ ಮ್ಯಾನೇಜರ್ ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರವನ್ನು ಬಳಸಿ, ಐಡ್ರಾಪರಿನಿಂದ ಹಸಿರನ್ನು ಹೆಕ್ಕಿಕೊಂಡಿದ್ದೆ. ಫೋಟೊ ಆಗಿ ಕಳಿಸಿದ ಚಿತ್ರವನ್ನು ವಾಟ್ಸಾಪ್ ಕುಗ್ಗಿಸುತ್ತದೆ. ಹೀಗೆ ಕುಗ್ಗಿದ ಜೆಪೆಗ್‌ನಲ್ಲಿ ಲೋಗೊದ ಒಂದೇ ಎಲೆಯ ಎರಡು ಜಾಗದಲ್ಲಿ ಹೆಕ್ಕಿದರೆ ಎರಡು ಹಸಿರು ಸಿಗುತ್ತವೆ.

ಕೈಪಿಡಿಯಲ್ಲಿ ಹಸಿರಿಗೆ ಎರಡು ವಿಳಾಸಗಳಿದ್ದವು. ಅಚ್ಚಿಗೆ `C78 M5 Y90 K0`, ಪರದೆಗೆ `#2FA84F`. ಒಂದರಿಂದ ಇನ್ನೊಂದನ್ನು ತಂತ್ರಾಂಶದಿಂದ ಲೆಕ್ಕ ಹಾಕಿಸಬೇಡಿ ಎಂದು ಕೆಳಗೆ ಬರೆದಿತ್ತು. ಪ್ರಯತ್ನಿಸಿಯೇ ನೋಡಿದೆ. ಪರದೆಯ ಸಂಖ್ಯೆಯನ್ನು ಸಿಎಂವೈಕೆಗೆ ಬದಲಿಸಿದಾಗ ದಶಾಂಶಗಳ ಬಾಲದೊಂದಿಗೆ ಬೇರೆಯೇ ಅಂಕಿಗಳು ಬಂದವು, ಕಪ್ಪು ಶಾಯಿಯೂ ಒಂದಿಷ್ಟು ಸೇರಿಕೊಂಡಿತ್ತು. ಹಸಿರಿಗೆ ಕಪ್ಪು ಸೇರಿದರೆ ಎಳನೀರಿನ ತಾಜಾತನ ಹೋಗಿ ಒಣಗಿದ ಗರಿಯ ಕಳೆ ಬರುತ್ತದೆ. ಕೈಪಿಡಿ ಮಾಡಿದವರು ಅಚ್ಚು ಹಾಕಿಸಿ ನೋಡಿಯೇ ಕಪ್ಪನ್ನು ಸೊನ್ನೆ ಇಟ್ಟಿರಬೇಕು. ಅಂಕಿಗಳನ್ನು ಕೈಯಿಂದಲೇ ತುಂಬಿದೆ.

ಲೋಗೊದ ಸುತ್ತ ಬಿಡಬೇಕಾದ ಖಾಲಿ ಜಾಗದ ಅಳತೆಯೂ ಅಲ್ಲಿತ್ತು. ಹೆಸರಿನ ಮೊದಲ ಅಕ್ಷರದ ಎತ್ತರದಷ್ಟು, ನಾಲ್ಕೂ ಕಡೆ. ನಾನು ಫೋನ್ ನಂಬರನ್ನು ಅದಕ್ಕೆ ಒತ್ತಿಕೊಂಡಂತೆ ಇಟ್ಟಿದ್ದೆ. ಆ ಎತ್ತರದ ಒಂದು ಚೌಕವನ್ನು ಬರೆದು ಲೋಗೊದ ನಾಲ್ಕು ಬದಿಗೂ ಇಟ್ಟು, ಗೈಡ್ ಎಳೆದು, ಚೌಕವನ್ನು ಅಳಿಸಿದೆ. ಎರಡು ನಿಮಿಷದ ಕೆಲಸ.

ಕಡತ ಒಪ್ಪಿಸುವಾಗ ಕನ್ನಡಕ್ಕೆ ಇನ್ನೊಂದು ಗಂಡಾಂತರವಿದೆ. ನಮ್ಮ ಕಡೆಯ ಹಲವು ಮುದ್ರಣಾಲಯಗಳಂತೆ ಇವರೂ ಪಿಡಿಎಫ್ ಅನ್ನು ಕೋರೆಲ್‌ಡ್ರಾದಲ್ಲಿ ತೆರೆದು ಹಾಳೆಗೆ ಜೋಡಿಸುತ್ತಾರೆ. ಪಿಡಿಎಫ್‌ನೊಳಗೆ ಫಾಂಟ್ ಸೇರಿಸಿದ್ದರೂ ಅಲ್ಲಿ ತೆರೆದಾಗ ಅಕ್ಷರಗಳು ಮತ್ತೆ ಅಕ್ಷರಗಳಾಗಲು ಹೋಗಿ ಒತ್ತು, ದೀರ್ಘ, ಅರ್ಕಾವತ್ತು ಚದುರಬಹುದು. ಆದ್ದರಿಂದ `Type > Create Outlines` ಕೊಟ್ಟು ಅಕ್ಷರಗಳನ್ನು ಆಕೃತಿಗಳಾಗಿ ಮಾಡಿಯೇ ಕಳಿಸಬೇಕು. ಆದರೆ ಅದಕ್ಕೂ ಮೊದಲು ಇಲಸ್ಟ್ರೇಟರಿನಲ್ಲಿಯೇ ಒತ್ತುಗಳು ಸರಿಯಾಗಿ ಕೂತಿರಬೇಕು. ಕಂಪನಿಯವರು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯುನಿಕೋಡ್. ಪ್ರಾಶಸ್ತ್ಯಗಳ `Type` ವಿಭಾಗದಲ್ಲಿ `Show Indic Options` ಗುರುತು ಹಾಕಿ, ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ಅಕ್ಷರ ಜೋಡಿಸುವ ದಕ್ಷಿಣ ಏಷ್ಯಾದ ಕಂಪೋಸರನ್ನು ಆರಿಸದಿದ್ದರೆ ‘ಎಣ್ಣೆ’ಯ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಹಾಗೆಯೇ ಆಕೃತಿ ಮಾಡಿದರೆ ತಪ್ಪೂ ಕಲ್ಲಿನಲ್ಲಿ ಕೊರೆದಂತೆ ಉಳಿಯುತ್ತದೆ.

ಪಿಡಿಎಫ್‌ಗೆ ಅಚ್ಚಿಗೆಂದೇ ಇರುವ `PDF/X-1a:2001` ಆರಿಸಿದೆ. ಒಂದು ಎಚ್ಚರ: ಇದು ಕಡತದಲ್ಲಿ ಉಳಿದ ಆರ್‌ಜಿಬಿಯನ್ನು ತಾನೇ ಸದ್ದಿಲ್ಲದೆ ಸಿಎಂವೈಕೆ ಮಾಡುತ್ತದೆ. ಕಪ್ಪಿನ ಪರೀಕ್ಷೆ ಮಾಡದೆ ಇದನ್ನು ನಂಬಿದರೆ ಮೊದಲಿನ ಕಥೆಯೇ ಮತ್ತೆ. ಹೊರಬಂದ ಪಿಡಿಎಫ್ ಅನ್ನು ಅಕ್ರೊಬ್ಯಾಟಿನ `Output Preview` ತೆರೆದು ಮತ್ತೊಮ್ಮೆ ಕಪ್ಪು ಮುಚ್ಚಿ ನೋಡಿದೆ. ಮುದ್ರಣಾಲಯಕ್ಕೆ ಮೇಲ್ ಮಾಡಿದೆ, ಬಸ್ಸಿನಲ್ಲಿ ಹೋಗಿ ಕೋರೆಲ್‌ನಲ್ಲಿ ತೆರೆದ ಮೇಲೂ ಒಂದು ಅಕ್ಷರದ ಬಣ್ಣ ಕ್ಲಿಕ್ಕಿಸಿ ನೋಡಿದೆ. K100 ಎಂದೇ ಇತ್ತು.

ಹಸಿರು ತಪ್ಪಿದ್ದ ಪೋಸ್ಟರನ್ನೂ ಮತ್ತೆ ಮಾಡಿದೆ, ಆದರೆ ಈ ಕಡತದಿಂದ ತೆಗೆಯಲಿಲ್ಲ. ಹೊಸ ಆರ್‌ಜಿಬಿ ಕಡತ, 1080×1350 ಪಿಕ್ಸೆಲ್, ಹಸಿರಿಗೆ ಕೈಪಿಡಿಯಲ್ಲಿ ಪರದೆಗೆಂದು ಕೊಟ್ಟ `#2FA84F`, ರಫ್ತು ಮಾಡುವಾಗ ಪರದೆಗಳಿಗೆ ಸಾಮಾನ್ಯವಾದ ಎಸ್‌ಆರ್‌ಜಿಬಿ ಪ್ರೊಫೈಲ್. ಅವರ ವೆಬ್‌ಸೈಟಿಗೆ ಲೋಗೊವನ್ನು, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಎಸ್‌ವಿಜಿಯಲ್ಲಿ ಕೊಟ್ಟೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಕೊಡದೆ ಯುನಿಕೋಡ್ ಪಠ್ಯವಾಗಿಯೇ ಕಳಿಸಿದೆ, ಹುಡುಕಿದವರಿಗೆ ಸಿಗಲಿ ಎಂದು.

ಕರಪತ್ರ ಕೈಗೆ ಬಂದ ಮೇಲೆ ಮ್ಯಾನೇಜರ್ ಫೋನ್ ಮಾಡಿ, ಮೊಬೈಲಿನ ಹಸಿರು ಹೊಳೆಯುತ್ತದೆ, ಕಾಗದದ್ದು ಅಷ್ಟಿಲ್ಲವಲ್ಲ ಎಂದರು. ಪರದೆಯ ಬೆಳಕನ್ನು ಶಾಯಿಗೆ ತರಲಾಗುವುದಿಲ್ಲ ಎಂದು ವಿವರಿಸಲು ಹೊರಟವನು ನಿಲ್ಲಿಸಿ, ನಿಮ್ಮದೇ ಕೈಪಿಡಿಯ ಬಣ್ಣದ ಪುಟವನ್ನು ಒಮ್ಮೆ ನೋಡಿ ಸರ್ ಎಂದೆ. ಅವರೂ ಅದನ್ನು ತೆರೆದಿರಲಿಲ್ಲ. ಯಾವ ಪುಟ, ಕಳಿಸಿ ಎಂದರು. ಕಳಿಸಿದೆ, ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ.