ಅಂಬೇಡ್ಕರರ ಕೊನೆಯ ವರ್ಷ: ನಿರೂಪಣೆಯಲ್ಲಿ ದಿನಾಂಕ ತಪ್ಪದಿರಲು

ಶಿವಮೊಗ್ಗದ ಕೆಲವು ಹುಡುಗರು ಡಾ. ಅಂಬೇಡ್ಕರರ 1956ನೇ ಇಸವಿಯ ಬಗ್ಗೆ ಪುಟ್ಟ ಸಾಕ್ಷ್ಯಚಿತ್ರ ಮಾಡಿದರು. ನಿರೂಪಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮೊದಲ ಕರಡಿನಲ್ಲೇ ತಪ್ಪಿತ್ತು. ನಾಗಪುರದ ಬೌದ್ಧ ದೀಕ್ಷೆಯನ್ನೂ ಅಲ್ಲಿನ ದೀರ್ಘ ಭಾಷಣವನ್ನೂ ಒಂದೇ ದಿನಕ್ಕೆ ಸೇರಿಸಿಬಿಟ್ಟಿದ್ದೆ. ದೀಕ್ಷೆ ಆದದ್ದು ಅಕ್ಟೋಬರ್ 14ರಂದು, ಭಾಷಣ ಮರುದಿನ.

ಹಾಗಾಗಿ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ನಿರೂಪಣೆಯ ಪ್ರತಿ ವಾಕ್ಯದ ಎದುರು ದಿನಾಂಕ, ಅದು ಎಲ್ಲಿ ಸಿಕ್ಕಿತು, ಅದು ಘಟನೆ ನಡೆದ ದಿನವೋ ಸುದ್ದಿ ಅಚ್ಚಾದ ದಿನವೋ ಎಂದು ಬರೆಯಿರಿ. ಎಡವುವುದು ಈ ಕೊನೆಯದರಲ್ಲೇ. ಅಂಬೇಡ್ಕರರ ಸಾವಿನ ಬಗ್ಗೆ ಡಿಸೆಂಬರ್ 7ರ ಪತ್ರಿಕೆ ಹೇಳುವುದು ಹಿಂದಿನ ದಿನದ ಸುದ್ದಿ. ಎರಡು ಪುಸ್ತಕಗಳು ಒಂದೇ ಮೂಲದಿಂದ ನಕಲಾಗಿದ್ದರೆ ಅದನ್ನು ಒಂದೇ ಸಾಕ್ಷಿ ಎಂದು ಎಣಿಸಿ.

ಆಮೇಲೆ ವಾರ ನೋಡಿ. ಮನೆಯ ಅಟ್ಟದಲ್ಲಿ 2012ರ ಗೋಡೆ ಕ್ಯಾಲೆಂಡರ್ ಸಿಕ್ಕರೆ ಸಾಕು, 1956ರ ವಾರಗಳೂ ಅವೇ. ಅಕ್ಟೋಬರ್ 14 ಭಾನುವಾರ, ಡಿಸೆಂಬರ್ 6 ಗುರುವಾರ. ಮೂಲದಲ್ಲಿ ಬೇರೆ ವಾರ ಇದ್ದರೆ ವಾರ, ತಾರೀಖು ಎರಡರಲ್ಲಿ ಒಂದು ತಪ್ಪು. ಹಬ್ಬಕ್ಕೆ ಮಾತ್ರ ಆ ಕ್ಯಾಲೆಂಡರ್ ನಂಬಬೇಡಿ. 1956ರಲ್ಲಿ ಅಕ್ಟೋಬರ್ 14ರಂದೇ ವಿಜಯದಶಮಿ ಬಂದಿತ್ತು, ಆದರೆ ತಿಥಿ ವರ್ಷ ವರ್ಷವೂ ಜಾರುತ್ತದೆ. ಆದ್ದರಿಂದ ‘ಪ್ರತಿ ವಿಜಯದಶಮಿಯಂದು, ಅಂದರೆ ಅಕ್ಟೋಬರ್ 14ರಂದು’ ಎಂದು ಬರೆಯುವಂತಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಸಾವಿನ ವಾಕ್ಯ. ಕರಡಿನಲ್ಲಿ ‘ಡಿಸೆಂಬರ್ 6ರ ಬೆಳಿಗ್ಗೆ ಕೊನೆಯುಸಿರೆಳೆದರು’ ಎಂದಿತ್ತು. ಆದರೆ ಅವರು ನಿದ್ದೆಯಲ್ಲೇ ತೀರಿಕೊಂಡಿದ್ದರು. ಮನೆಯವರಿಗೆ ಗೊತ್ತಾದದ್ದು ಬೆಳಿಗ್ಗೆ. ಗಳಿಗೆ ಕಂಡವರು ಯಾರೂ ಇಲ್ಲದಾಗ ಅಷ್ಟನ್ನೇ ಹೇಳಬೇಕು. ವಾಕ್ಯ ಹೀಗೆ ತಿದ್ದಿದೆ: ‘ಡಿಸೆಂಬರ್ 6, ಗುರುವಾರ. ದೆಹಲಿಯ ಅಲಿಪುರ ರಸ್ತೆಯ 26ನೇ ನಂಬರಿನ ಮನೆ. ಬೆಳಿಗ್ಗೆ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ.’ ಅಂತ್ಯಕ್ರಿಯೆ ಮರುದಿನ ಬೊಂಬಾಯಿಯ ದಾದರಿನಲ್ಲಿ. ಅದಕ್ಕೆ ಬೇರೆಯೇ ವಾಕ್ಯ ಕೊಟ್ಟೆ. ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದ ಮಾತು ಬಂದಾಗ ‘ಪ್ರಕಟಿಸಿದರು’ ಎಂಬುದನ್ನು ಹೊಡೆದುಹಾಕಿದೆ. ಅದು ಹೊರಬಂದದ್ದು 1957ರಲ್ಲಿ, ಅವರು ಹೋದ ಮೇಲೆ.

ಇನ್ನು ಓದುವವರ ಬಾಯಿ. ಮಳೆಗಾಲದಲ್ಲಿ ನಮ್ಮ ಕಡೆ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ‘ಹದಿನಾಲ್ಕು’, ‘ಹದಿನಾರು’ ಎರಡೂ ಒಂದೇ ಥರ ಕೇಳುತ್ತವೆ. ನಮ್ಮ ಕಥೆಯಲ್ಲಿ ಎರಡೂ ಬೇಕು: 14ಕ್ಕೆ ನಾಗಪುರ, 16ಕ್ಕೆ ಚಂದ್ರಪುರದ ದೀಕ್ಷಾ ಸಮಾರಂಭ. ಅದಕ್ಕೇ ‘ಭಾನುವಾರ, ನಾಗಪುರ’, ‘ಮಂಗಳವಾರ, ಚಂದ್ರಪುರ’ ಎಂದು ವಾರ ಸೇರಿಸಿ ಓದಿಸಿದೆವು. ಒಬ್ಬ ಹುಡುಗ ಪಟ್ಟಿ ಹಿಡಿದು ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕುಳಿತ. ಕೇಳಿದ ದಿನಾಂಕವನ್ನು ಬರೆದುಕೊಂಡ, ಆಮೇಲೆ ಪಟ್ಟಿಗೆ ತಾಳೆ ನೋಡಿದ. ಒಂದು ಕಡೆ ‘ಹದಿನಾರು’ ಎಂದು ಬರೆದಿದ್ದ, ಅಲ್ಲಿರಬೇಕಾದ್ದು 14. ಮಳೆ ನಿಂತ ಮೇಲೆ ಆ ಸಾಲನ್ನು ಮತ್ತೆ ಓದಿಸಿದೆವು.