ಸಂವೇದಕದ ಭಂಗಿಯನ್ನು ಕ್ವಾಟರ್ನಿಯನ್‌ನಲ್ಲಿ ಹಿಡಿದಿಟ್ಟ ಬಗೆ

ಕೈಯಲ್ಲಿ ಹಿಡಿಯುವ ಚಿಕ್ಕ ಸಂವೇದಕ ಹಲಗೆಯೊಂದಿದೆ, ಅದರೊಳಗೆ ಗೈರೊಸ್ಕೋಪ್. ಹಲಗೆಯನ್ನು ಹೇಗೆ ತಿರುಗಿಸಿದರೂ ಪರದೆಯ ಮೇಲಿನ ಮಾದರಿ ಹಾಗೆಯೇ ತಿರುಗಬೇಕು. ಈ ಕೆಲಸಕ್ಕೆ ಕೈಹಾಕಿದಾಗ ನಾನು ಮೊದಲೇ ತೀರ್ಮಾನಿಸಿದ್ದು ಒಂದೇ: ಹಲಗೆಯ ಭಂಗಿಯನ್ನು ಎಡಬಲಕ್ಕೆ ತಿರುಗುವ ಯಾ, ಮುಂಭಾಗ ಏರಿಳಿಯುವ ಪಿಚ್, ಪಕ್ಕಕ್ಕೆ ಉರುಳುವ ರೋಲ್ ಎಂಬ ಮೂರು ಕೋನಗಳಲ್ಲಿ ಶೇಖರಿಸುವುದಿಲ್ಲ. ಕೋನಗಳು ಮನುಷ್ಯರು ಓದಲು ಚೆನ್ನ, ಲೆಕ್ಕ ಮುಂದುವರಿಸಲು ಅಲ್ಲ.

ಕಾರಣ ಸೂತ್ರದಲ್ಲೇ ಕಾಣುತ್ತದೆ. ಗೈರೊಸ್ಕೋಪ್ ಅಳೆಯುವುದು ಹಲಗೆಯ ಸ್ವಂತ ಅಕ್ಷಗಳ ಸುತ್ತಲಿನ ವೇಗವನ್ನು. ಅದರಿಂದ ಯಾ ಕೋನದ ಬದಲಾವಣೆಯನ್ನು ಪಡೆಯಲು ಪಿಚ್‌ನ ಕೊಸೈನ್‌ನಿಂದ ಭಾಗಿಸಬೇಕಾಗುತ್ತದೆ. ಪಿಚ್ 85 ಡಿಗ್ರಿ ತಲುಪಿದಾಗ ಆ ಭಾಗಾಕಾರ ವೇಗವನ್ನು ಸುಮಾರು 11 ಪಟ್ಟು ಹಿಗ್ಗಿಸುತ್ತದೆ, 89ರಲ್ಲಿ 57 ಪಟ್ಟು. ಸೆಕೆಂಡಿಗೆ 10 ಡಿಗ್ರಿಯಷ್ಟು ನಿಧಾನವಾಗಿ ಕೈ ಅಲುಗಿದರೂ ಯಾ ಸೆಕೆಂಡಿಗೆ 570 ಡಿಗ್ರಿಯ ವೇಗದಲ್ಲಿ ಓಡಬಹುದು. ಸರಿಯಾಗಿ 90ಕ್ಕೆ ಬಂದರೆ ಸೊನ್ನೆಯಿಂದ ಭಾಗಿಸಿದಂತೆ. ಅಲ್ಲಿ ಯಾ ಮತ್ತು ರೋಲ್ ಎರಡೂ ಒಂದೇ ಅಕ್ಷದ ಸುತ್ತ ತಿರುಗಿಸುತ್ತವೆ, ಮೂರನೆಯ ಸ್ವಾತಂತ್ರ್ಯ ಕಳೆದುಹೋಗುತ್ತದೆ. ಇದೇ ಗಿಂಬಲ್ ಲಾಕ್. ಹಲಗೆಗೆ ಏನೂ ಆಗಿರುವುದಿಲ್ಲ, ನಾವು ಆರಿಸಿಕೊಂಡ ವಿವರಣೆ ಮಾತ್ರ ಅಲ್ಲಿ ಕುಸಿದಿರುತ್ತದೆ.

ಆದ್ದರಿಂದ ಭಂಗಿಯನ್ನು ಕ್ವಾಟರ್ನಿಯನ್‌ನಲ್ಲಿ, ಅಂದರೆ `(w, x, y, z)` ಎಂಬ ನಾಲ್ಕು ಸಂಖ್ಯೆಗಳಲ್ಲಿ ಇಟ್ಟೆ. ಒಂದು ಅಕ್ಷದ ಸುತ್ತ θ ಕೋನ ತಿರುಗಿದರೆ `w` ಎಂದರೆ θ/2ರ ಕೊಸೈನ್. ಉಳಿದ ಮೂರು, ಏಕಮಾನ ಉದ್ದದ ಅಕ್ಷವನ್ನು θ/2ರ ಸೈನ್‌ನಿಂದ ಗುಣಿಸಿದಾಗ ಬರುವವು. ನಾಲ್ಕರ ವರ್ಗಗಳ ಮೊತ್ತ ಸದಾ 1. ಎರಡು ತಿರುಗುವಿಕೆಗಳನ್ನು ಜೋಡಿಸುವುದೆಂದರೆ ಅವುಗಳನ್ನು ಗುಣಿಸುವುದು, ಅಷ್ಟೇ:

```
def mul(a, b):
    w1, x1, y1, z1 = a
    w2, x2, y2, z2 = b
    return (w1*w2 - x1*x2 - y1*y2 - z1*z2,
            w1*x2 + x1*w2 + y1*z2 - z1*y2,
            w1*y2 - x1*z2 + y1*w2 + z1*x2,
            w1*z2 + x1*y2 - y1*x2 + z1*w2)
```

ಇಲ್ಲಿ ಭಾಗಾಕಾರವೇ ಇಲ್ಲ, ಆದ್ದರಿಂದ ಯಾವ ಭಂಗಿಯಲ್ಲೂ ಲೆಕ್ಕ ಸಿಡಿಯುವುದಿಲ್ಲ. ಆದರೆ ಗುಣಾಕಾರದ ಕ್ರಮ ಮುಖ್ಯ, ಹೆಚ್ಚಿನ ಗೊಂದಲ ಹುಟ್ಟುವುದೂ ಅಲ್ಲೇ. ನನ್ನ ಕ್ವಾಟರ್ನಿಯನ್ `q` ಹಲಗೆಯ ಅಕ್ಷಗಳಿಂದ ಕೋಣೆಯ ಅಕ್ಷಗಳಿಗೆ ಒಯ್ಯುತ್ತದೆ. ಹೊಸ ತಿರುಗುವಿಕೆ ಕೋಣೆಯ ಅಕ್ಷದ ಸುತ್ತಲಿನದಾದರೆ ಅದನ್ನು ಎಡಗಡೆಯಿಂದ ಗುಣಿಸಬೇಕು, ಹಲಗೆಯ ಸ್ವಂತ ಅಕ್ಷದ ಸುತ್ತಲಿನದಾದರೆ ಬಲಗಡೆಯಿಂದ. ಗೈರೊಸ್ಕೋಪ್ ಹಲಗೆಗೆ ಅಂಟಿಕೊಂಡೇ ಅಳೆಯುವುದರಿಂದ ಪ್ರತಿ ಅಳತೆಯ ಪುಟ್ಟ ತಿರುಗುವಿಕೆ ಬಲಗಡೆಗೆ ಹೋಗುತ್ತದೆ: `q = mul(q, dq)`.

ಇದನ್ನು ಪರೀಕ್ಷಿಸಲು ನಾನು ಒಂದು ಚಲನೆಯನ್ನು ಆರಿಸಿಕೊಂಡೆ. ನನ್ನ ಅಕ್ಷಗಳಲ್ಲಿ x ಮುಂದಕ್ಕೆ, y ಎಡಕ್ಕೆ, z ಮೇಲಕ್ಕೆ. ಹಲಗೆಯನ್ನು ಮೊದಲು x ಸುತ್ತ 90 ಡಿಗ್ರಿ ತಿರುಗಿಸುತ್ತೇನೆ. ಅದು ಬಲಮಗ್ಗುಲಿಗೆ ಮಲಗುತ್ತದೆ. ಆಮೇಲೆ ಹಲಗೆಯ ಸ್ವಂತ z ಸುತ್ತ 90 ಡಿಗ್ರಿ. ಅದರ ಮೂತಿ ನೆಟ್ಟಗೆ ಮೇಲಕ್ಕೇಳುತ್ತದೆ. ಒಂದೊಂದು ತಿರುಗುವಿಕೆಯ ಕ್ವಾಟರ್ನಿಯನ್ `(0.707, 0.707, 0, 0)` ಮತ್ತು `(0.707, 0, 0, 0.707)`. ಎರಡನೆಯದನ್ನು ಬಲಗಡೆ ಇಟ್ಟು ಗುಣಿಸಿದರೆ `(0.5, 0.5, -0.5, 0.5)` ಬರುತ್ತದೆ. ಎಡಗಡೆ ಇಟ್ಟರೆ `(0.5, 0.5, 0.5, 0.5)`. ಒಂದು ಚಿಹ್ನೆಯ ವ್ಯತ್ಯಾಸ, ಆದರೆ ಎರಡನೆಯ ಉತ್ತರದಲ್ಲಿ ಮೂತಿ ಮೇಲಕ್ಕಲ್ಲ, ಎಡಕ್ಕೆ ಚಾಚಿರುತ್ತದೆ. ಕೈಯಲ್ಲಿರುವ ಹಲಗೆ ಆಕಾಶ ನೋಡುತ್ತಿದ್ದು ಪರದೆಯ ಮಾದರಿ ಎಡಗೋಡೆ ನೋಡುತ್ತಿದ್ದರೆ ಗುಣಾಕಾರದ ಕ್ರಮ ತಿರುವುಮುರುವಾಗಿದೆ ಎಂದೇ ಅರ್ಥ. ಒಂದೇ ಅಕ್ಷದ ಸುತ್ತ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಈ ದೋಷ ಎಂದಿಗೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅಲ್ಲಿ ಕ್ರಮ ಯಾವುದಾದರೂ ಉತ್ತರ ಒಂದೇ.

ಪರದೆಗೆ ಚಿತ್ರ ಬರೆಯಲು ಮ್ಯಾಟ್ರಿಕ್ಸ್ ಬೇಕು. ಪರಿವರ್ತನೆ ನೇರವಾದದ್ದು:

```
R = [[1-2*(y*y+z*z), 2*(x*y-w*z),   2*(x*z+w*y)],
     [2*(x*y+w*z),   1-2*(x*x+z*z), 2*(y*z-w*x)],
     [2*(x*z-w*y),   2*(y*z+w*x),   1-2*(x*x+y*y)]]
```

ಮೇಲಿನ ಸರಿಯಾದ ಉತ್ತರವನ್ನು ಇದರೊಳಗೆ ಹಾಕಿದರೆ ಮೊದಲ ಕಂಬಸಾಲು `(0, 0, 1)` ಆಗುತ್ತದೆ. ಕಂಬಸಾಲುಗಳು ಹಲಗೆಯ ಅಕ್ಷಗಳು ಕೋಣೆಯಲ್ಲಿ ಎತ್ತ ಮುಖಮಾಡಿವೆ ಎಂಬುದನ್ನು ಹೇಳುತ್ತವೆ. ಮೂತಿ ಮೇಲಕ್ಕಿದೆ ಎಂದು ಓದಿಕೊಳ್ಳಬಹುದು. ನಾನು ಪ್ರತಿ ಪರೀಕ್ಷೆಯಲ್ಲೂ ಮ್ಯಾಟ್ರಿಕ್ಸನ್ನು ಹೀಗೆ ಕಂಬಸಾಲಾಗಿಯೇ ಓದುತ್ತೇನೆ. ಸಂಖ್ಯೆಗಳನ್ನು ದಿಟ್ಟಿಸುವುದಕ್ಕಿಂತ ಇದು ಎಷ್ಟೋ ವೇಗ.

ಈ ಸೂತ್ರ `q`ನ ಉದ್ದ 1 ಎಂದು ನಂಬಿಕೊಂಡಿದೆ. ಸೆಕೆಂಡಿಗೆ ನೂರಾರು ಬಾರಿ ಗುಣಿಸುತ್ತಾ ಹೋದಾಗ ದಶಮಾಂಶಗಳ ಸಣ್ಣ ತಪ್ಪುಗಳು ಕೂಡಿಕೊಂಡು ಉದ್ದ ಸರಿಯುತ್ತದೆ. ಆಗ ಮ್ಯಾಟ್ರಿಕ್ಸ್‌ನ ಕಂಬಸಾಲುಗಳು ಪರಸ್ಪರ ಲಂಬವಾಗಿ ಉಳಿಯದೆ ಮಾದರಿ ಸೊಟ್ಟಗಾಗುತ್ತದೆ. ಪ್ರತಿ ಹೆಜ್ಜೆಯ ಕೊನೆಗೆ ನಾಲ್ಕೂ ಸಂಖ್ಯೆಗಳನ್ನು ಒಟ್ಟು ಉದ್ದದಿಂದ ಭಾಗಿಸಿದರೆ ಮುಗಿಯಿತು. ಮ್ಯಾಟ್ರಿಕ್ಸನ್ನೇ ಶೇಖರಿಸಿದ್ದರೆ ಒಂಬತ್ತು ಸಂಖ್ಯೆಗಳನ್ನು ಮತ್ತೆ ಲಂಬಕ್ಕೆ ತರುವ ದೊಡ್ಡ ಕೆಲಸವಿರುತ್ತಿತ್ತು. ಕ್ವಾಟರ್ನಿಯನ್ನನ್ನು ನಾನು ಮೆಚ್ಚುವುದಕ್ಕೆ ಗಿಂಬಲ್ ಲಾಕ್‌ನಷ್ಟೇ ಈ ಸುಲಭ ದುರಸ್ತಿಯೂ ಕಾರಣ.

ಸಂಖ್ಯೆಗಳ ಜೋಡಣೆಯ ಕ್ರಮವನ್ನೂ ಗಮನಿಸಬೇಕು. SciPyಯ `Rotation` ಸಾಮಾನ್ಯವಾಗಿ `w`ಯನ್ನು ಕೊನೆಗೆ ಇಡುತ್ತದೆ. `w` ಮೊದಲಿರುವ `(1, 0, 0, 0)`, ಅಂದರೆ ಏನೂ ತಿರುಗದ ಸ್ಥಿತಿಯನ್ನು, ಹಾಗೇ ಅದಕ್ಕೆ ಕೊಟ್ಟರೆ x ಸುತ್ತ 180 ಡಿಗ್ರಿ ತಿರುಗಿದಂತಾಗುತ್ತದೆ. ಆರಂಭದಲ್ಲೇ ಮಾದರಿ ತಲೆಕೆಳಗಾಗಿ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಇಷ್ಟಾದರೂ ಬಳಕೆದಾರರು ಕೋನಗಳನ್ನೇ ಕೇಳುತ್ತಾರೆ, ಕೊಡಲೇಬೇಕು. ಆಯ್ದ ಉದಾಹರಣೆ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಯಾ, ಪಿಚ್, ರೋಲ್ ಕ್ರಮದಲ್ಲಿ ಪಿಚ್‌ನ ಸೈನ್ ಎಂದರೆ `2*(w*y - x*z)`. `(0.5, 0.5, -0.5, 0.5)`ಕ್ಕೆ ಅದು ಸರಿಯಾಗಿ -1, ಅಂದರೆ ಪಿಚ್ -90. ನನ್ನ ಅಕ್ಷಗಳಲ್ಲಿ ಮೂತಿ ಮೇಲಕ್ಕೆದ್ದರೆ ಪಿಚ್ ಋಣಾತ್ಮಕ. ಇಲ್ಲಿ ಯಾ 90, ರೋಲ್ 0 ಎಂದರೂ ಸರಿ, ಯಾ 0, ರೋಲ್ 90 ಎಂದರೂ ಸರಿ, 60 ಮತ್ತು 30 ಎಂದರೂ ಅದೇ ಭಂಗಿ. ಎರಡರ ಮೊತ್ತಕ್ಕೆ ಮಾತ್ರ ಅರ್ಥವಿದೆ. ಆದ್ದರಿಂದ ಆ ಸೈನ್‌ನ ಪ್ರಮಾಣ 0.9999 ದಾಟಿದರೆ ರೋಲನ್ನು 0 ಎಂದು ಇಟ್ಟುಕೊಂಡು, ಪಿಚ್ -90 ಇದ್ದಾಗ ಯಾ ಕೋನವನ್ನು `2*atan2(x, w)` ಎಂದೂ +90 ಇದ್ದಾಗ `-2*atan2(x, w)` ಎಂದೂ ತೆಗೆಯುತ್ತೇನೆ. ಸೈನ್ 1.0000001 ಆಗಿ `asin` ಕೈಕೊಡದಂತೆ ಅದನ್ನು -1 ಮತ್ತು 1ರ ನಡುವೆ ಮಿತಿಗೊಳಿಸುವುದೂ ಬೇಕು. ಆ ಗಡಿಯಲ್ಲಿ ತೋರಿಸುವ ಕೋನ ಜಿಗಿಯಬಹುದು. ಆದರೆ ಅದು ಪರದೆಗಷ್ಟೇ. ಆ ಕೋನಗಳನ್ನು ಎಂದಿಗೂ ಲೆಕ್ಕದೊಳಕ್ಕೆ ಹಿಂದಿರುಗಿಸುವುದಿಲ್ಲ.

ಈ ವಿಧಾನ ಮುಟ್ಟದ ಸಂಗತಿಗಳೂ ಇವೆ. ಮೂರು ಮೋಟಾರುಗಳ ಕ್ಯಾಮೆರಾ ಗಿಂಬಲ್‌ನಲ್ಲಿ ಎರಡು ಅಕ್ಷಗಳು ನಿಜವಾಗಿಯೇ ಒಂದೇ ಸಾಲಿಗೆ ಬಂದರೆ ಯಾವ ಗಣಿತವೂ ಮೂರನೆಯ ಅಕ್ಷವನ್ನು ತಂದುಕೊಡದು. ಅಪೊಲೊ ನೌಕೆಗಳ ಮೂರು ಗಿಂಬಲ್‌ಗಳ ವೇದಿಕೆಯಲ್ಲಿ ನಡುವಿನ ಕೋನ 70 ಡಿಗ್ರಿ ದಾಟಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತಿದ್ದುದು ಇದಕ್ಕೇ. ಗೈರೊಸ್ಕೋಪ್‌ನ ಸ್ಥಿರ ದೋಷವೂ ಹಾಗೆಯೇ ಉಳಿಯುತ್ತದೆ: ಸೆಕೆಂಡಿಗೆ 0.1 ಡಿಗ್ರಿ ತಪ್ಪಿದ್ದರೆ ನಿಮಿಷಕ್ಕೆ 6 ಡಿಗ್ರಿ. ಕ್ವಾಟರ್ನಿಯನ್‌ನ ಉದ್ದ ಅಚ್ಚುಕಟ್ಟಾಗಿ 1 ಇದ್ದರೂ ಇದು ಕಾಣುವುದಿಲ್ಲ. ಹಲಗೆಯನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಮೂರು ಅಕ್ಷಗಳ ಸರಾಸರಿ ಅಳತೆಯನ್ನು ತೆಗೆದು, ಅದನ್ನು ಪ್ರತಿ ಅಳತೆಯಿಂದ ಕಳೆದ ನಂತರವೇ `dq` ಕಟ್ಟುತ್ತೇನೆ.